ಸಂಬಳ ಕಡಿಮೆ ಬಂದಾಗ: ಒಂದು ತಪ್ಪು ಲೆಕ್ಕದ ಬೆನ್ನು ಹತ್ತಿ

ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಬೆಲೆ ಸೂಚ್ಯಂಕ ಎಷ್ಟು ಏರಿದೆಯೋ ಅದಕ್ಕೆ ತಕ್ಕಂತೆ ಸರ್ಕಾರ ಹೊಸ ದರ ಪ್ರಕಟಿಸುತ್ತದೆ, ಕಾರ್ಖಾನೆಗಳು ಅದನ್ನು ಏಪ್ರಿಲ್ ಸಂಬಳಕ್ಕೆ ಸೇರಿಸಬೇಕು. ಹೀಗಾಗಿ ಸಂಬಳದ ಲೆಕ್ಕ ತಪ್ಪುವ ಅಪಾಯವೂ ಏಪ್ರಿಲ್ ತಿಂಗಳಲ್ಲಿ ಹೆಚ್ಚು. ಅಂಥ ತಪ್ಪು ಹೇಗೆ ಹುಟ್ಟುತ್ತದೆ, ಹಣಕಾಸು ಮುಖ್ಯಸ್ಥರಿಗೆ ಕೊಡುವ ವರದಿಯಲ್ಲಿ ಅದನ್ನು ಹೇಗೆ ಬಿಡಿಸಿ ಹೇಳಬೇಕು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಲೆಕ್ಕ ಸುಲಭವಾಗಲೆಂದು ಇಲ್ಲಿ ದುಂಡು ಸಂಖ್ಯೆಗಳನ್ನು ಇಟ್ಟುಕೊಂಡಿದ್ದೇನೆ.

ಒಂದು ಬಿಡಿಭಾಗಗಳ ಕಾರ್ಖಾನೆ. ಅಲ್ಲಿನ ಆಪರೇಟರ್‌ಗಳಿಗೆ ಮಾರ್ಚ್‌ವರೆಗೆ ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 12,480 ರೂಪಾಯಿ. ಏಪ್ರಿಲ್‌ನಿಂದ 520 ರೂಪಾಯಿ ಏರಿ 13,000 ಆಗಬೇಕು. ಏಪ್ರಿಲ್ ಸಂಬಳ ಮೇ 6ರಂದು ಬ್ಯಾಂಕಿಗೆ ಜಮೆಯಾಯಿತು. ಎರಡು ದಿನ ಕಳೆದ ಮೇಲೆ ಇಬ್ಬರು ಹುಡುಗರು ಪೇ ಸ್ಲಿಪ್ ಹಿಡಿದು ಎಚ್ಆರ್ ಕಚೇರಿಗೆ ಬಂದರು. ಒಂದೇ ಲೈನಿನಲ್ಲಿ ಒಂದೇ ಕೆಲಸ, ಇಬ್ಬರದೂ ಪೂರ್ತಿ ಹಾಜರಿ. ಆದರೆ ಎರಡು ಚೀಟಿಗಳ ತುಟ್ಟಿಭತ್ಯೆಯಲ್ಲಿ 520 ರೂಪಾಯಿ ವ್ಯತ್ಯಾಸ.

ಮೊದಲು ಮಾಡಬೇಕಾದದ್ದು ಎಷ್ಟು ಜನರಿಗೆ ಹೀಗಾಗಿದೆ ಎಂದು ತಿಳಿಯುವುದು. ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ಏಪ್ರಿಲ್ ಸಂಬಳ ಪಟ್ಟಿಯಲ್ಲಿ ಆಪರೇಟರ್‌ಗಳ ತುಟ್ಟಿಭತ್ಯೆ ದರದ ಕಾಲಂ ತೆರೆದು ಅಲ್ಲಿ ಎಷ್ಟು ಬಗೆಯ ಮೊತ್ತಗಳಿವೆ ಎಂದು ನೋಡಿದರೆ ಸಾಕು. ಒಂದೇ ಇರಬೇಕಾದ ಕಡೆ ಎರಡು ಇದ್ದವು. ಹಳೆಯ ದರದಲ್ಲಿ ಉಳಿದವರು 38 ಮಂದಿ. ಅವರೆಲ್ಲರೂ ಮಾರ್ಚ್ 25ರಂದು ಟ್ರೈನಿಯಿಂದ ಆಪರೇಟರ್ ಆಗಿ ಕನ್ಫರ್ಮ್ ಆದವರು.

ಇಲ್ಲಿಗೆ ಬಂದಾಗ ಬಹಳಷ್ಟು ವರದಿಗಳು ‘ಡೇಟಾ ಎಂಟ್ರಿಯಲ್ಲಿ ತಪ್ಪಾಗಿದೆ’ ಎಂದು ಬರೆದು ಮುಗಿಸುತ್ತವೆ. ಅದರಿಂದ ಯಾರ ಮೇಲೆ ತಪ್ಪು ಹೊರಿಸಬಹುದು ಎಂಬುದು ತಿಳಿಯಬಹುದೇ ಹೊರತು ತಪ್ಪಿನ ಕಾರಣ ತಿಳಿಯುವುದಿಲ್ಲ. ಈ ಪ್ರಕರಣದ ಎಳೆ ಹಿಡಿದು ಹೋದರೆ ಸಿಗುವುದು ಇದು: ಹೊಸ ದರ ಸೇರಿಸಲು ಎಚ್ಆರ್ ಸಿಬ್ಬಂದಿ ಮಾರ್ಚ್ 20ರಂದು ಆಪರೇಟರ್‌ಗಳ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡಿದ್ದರು. ಪ್ರತಿಯೊಬ್ಬರ ಮುಂದೆ ಹೊಸ ಮೊತ್ತ ತುಂಬಿ, ತಿಂಗಳ ಕೊನೆಯಲ್ಲಿ ಅದನ್ನೇ ಸಾಫ್ಟ್‌ವೇರ್‌ಗೆ ಅಪ್‌ಲೋಡ್ ಮಾಡಿದರು. ನಡುವೆ ಕನ್ಫರ್ಮ್ ಆದ 38 ಮಂದಿ ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಆದರೆ ಇದು ಅರ್ಧ ಕಾರಣ ಮಾತ್ರ. ಟ್ರೈನಿ ಆಪರೇಟರ್ ಆದ ಕೂಡಲೇ ಸಾಫ್ಟ್‌ವೇರ್ ಆ ದರ್ಜೆಯ ಸಂಬಳದ ನಮೂನೆಯನ್ನು ತಾನಾಗಿ ಹಚ್ಚುತ್ತದೆ. ಆ ನಮೂನೆಯಲ್ಲಿ ಇದ್ದದ್ದು ಹಳೆಯ ದರ. ಒಬ್ಬೊಬ್ಬರ ಸಂಬಳವನ್ನು ತಿದ್ದಿದವರು ನಮೂನೆಯನ್ನು ತಿದ್ದಿರಲಿಲ್ಲ. ವರದಿಯ ತಿರುಳು ಇಲ್ಲೇ ಇದೆ. ಈಗ 38 ಮಂದಿಯನ್ನು ಮಾತ್ರ ಸರಿಪಡಿಸಿದರೆ, ಮೇ ತಿಂಗಳಲ್ಲಿ ಕನ್ಫರ್ಮ್ ಆಗುವವರಿಗೂ ಹೊಸದಾಗಿ ಸೇರುವವರಿಗೂ ಮತ್ತೆ ಹಳೆಯ ದರವೇ ಹತ್ತುತ್ತದೆ. ತಪ್ಪು ಇನ್ನೂ ಜೀವಂತವಾಗಿದೆ ಎಂಬುದನ್ನು ಹಣಕಾಸು ಮುಖ್ಯಸ್ಥರಿಗೆ ಮೊದಲ ಪುಟದಲ್ಲೇ ತಿಳಿಸಬೇಕು.

ಸಂಬಳ ಹೋಗುವ ಮುನ್ನ ಇದು ಏಕೆ ಸಿಕ್ಕಿಬೀಳಲಿಲ್ಲ ಎನ್ನುವುದು ಮುಂದಿನ ಪ್ರಶ್ನೆ. ಹಣಕಾಸು ವಿಭಾಗ ನೋಡುವುದು ತಿಂಗಳ ಒಟ್ಟು ಮೊತ್ತವನ್ನು. ಏಪ್ರಿಲ್‌ನಲ್ಲಿ ಅದು ಏರಬೇಕಿತ್ತು, ಏರಿತ್ತು. ನೂರಾರು ಜನರಿಗೆ ಹೆಚ್ಚಳ ಸರಿಯಾಗಿ ಸೇರಿದಾಗ 38 ಮಂದಿಯ ಕೊರತೆ ಒಟ್ಟು ಮೊತ್ತದೊಳಗೆ ಕಾಣದೆ ಹೋಗುತ್ತದೆ. ಹೆಚ್ಚು ಕೊಟ್ಟಿದ್ದನ್ನು ಒಟ್ಟು ಮೊತ್ತ ಕೆಲವೊಮ್ಮೆ ತೋರಿಸಿಕೊಡುತ್ತದೆ, ಕಡಿಮೆ ಕೊಟ್ಟಿದ್ದನ್ನು ಹಿಡಿಯುವುದು ಅಪರೂಪ. ಅದು ಕಾಣಬೇಕಾದರೆ ಒಬ್ಬೊಬ್ಬರ ಮಾರ್ಚ್ ಮತ್ತು ಏಪ್ರಿಲ್ ದರಗಳನ್ನು ಅಕ್ಕಪಕ್ಕ ಇಟ್ಟು, ಯಾರದು ಬದಲಾಗಿಲ್ಲ ಎಂದು ಹುಡುಕಬೇಕು.

ಇನ್ನು ತಿದ್ದುಪಡಿ. ಎಲ್ಲರಿಗೂ 520 ರೂಪಾಯಿ ಹಾಕಿಬಿಡೋಣ ಎನ್ನುವುದು ಥಟ್ಟನೆ ಹೊಳೆಯುವ ಪರಿಹಾರ. ಹಾಗೆ ಮಾಡಿದರೆ ಎರಡನೇ ತಪ್ಪಾಗುತ್ತದೆ, ಏಕೆಂದರೆ ಪ್ರತಿಯೊಬ್ಬರ ಬಾಕಿಯೂ ಬೇರೆ. ತಿಂಗಳ ಸಂಬಳವನ್ನು 26ರಿಂದ ಭಾಗಿಸಿದರೆ ದಿನಗೂಲಿ ಸಿಗುತ್ತದೆ: ಹಳೆಯ ದರದಲ್ಲಿ 480, ಹೊಸ ದರದಲ್ಲಿ 500. ಅಂದರೆ ದಿನಕ್ಕೆ 20 ರೂಪಾಯಿ ಕೊರತೆ. ಮೂರು ದಿನ ಸಂಬಳವಿಲ್ಲದ ರಜೆ ಹಾಕಿದವರಿಗೆ ಬರಬೇಕಾದದ್ದು 23 ದಿನದ 460 ರೂಪಾಯಿ. ದಿನಕ್ಕೆ ಎಂಟು ಗಂಟೆಯಂತೆ ಗಂಟೆಯ ದರ 60ರಿಂದ 62.50ಕ್ಕೆ ಏರುತ್ತದೆ. ಓಟಿಗೆ ಅದರ ದುಪ್ಪಟ್ಟು ಕೊಡಬೇಕಾದ್ದರಿಂದ ಗಂಟೆಗೆ 5 ರೂಪಾಯಿ ಬಾಕಿ. ಪೂರ್ತಿ ಹಾಜರಿಯ ಜೊತೆಗೆ 20 ಗಂಟೆ ಓಟಿ ಮಾಡಿದವರಿಗೆ 520ರ ಮೇಲೆ 100 ಸೇರಿ 620 ರೂಪಾಯಿ ಬರಬೇಕು. ಬರೀ 520 ಕೊಟ್ಟು ಕೈತೊಳೆದುಕೊಂಡರೆ, ಹೆಚ್ಚು ದುಡಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ವರದಿಯಲ್ಲಿ ಒಟ್ಟು ಲೆಕ್ಕ ತಾಳೆಯಾಗುವುದನ್ನು ಮೂರು ಸಾಲಿನಲ್ಲಿ ತೋರಿಸಬಹುದು. 38 ಮಂದಿಗೆ ತಲಾ 520ರಂತೆ 19,760 ರೂಪಾಯಿ. ಅದರಲ್ಲಿ ಸಂಬಳವಿಲ್ಲದ 60 ದಿನಗಳ 1,200 ಕಳೆದರೆ 18,560. ಅದಕ್ಕೆ 410 ಗಂಟೆ ಓಟಿಯ 2,050 ಕೂಡಿಸಿದರೆ 20,610. ಒಬ್ಬೊಬ್ಬರ ಬಾಕಿಯನ್ನು ಕೂಡಿದಾಗಲೂ ಇದೇ ಮೊತ್ತ ಬಂದರೆ ಲೆಕ್ಕ ಸರಿಯಿದೆ ಎಂದರ್ಥ.

ಈ 38ರಲ್ಲಿ ಒಬ್ಬರು ಏಪ್ರಿಲ್ 22ಕ್ಕೆ ಕೆಲಸ ಬಿಟ್ಟು ಫೈನಲ್ ಸೆಟ್ಲ್‌ಮೆಂಟ್ ಪಡೆದು ಹೋಗಿದ್ದಾರೆ ಎಂದುಕೊಳ್ಳಿ. ಸಾಫ್ಟ್‌ವೇರ್‌ನಲ್ಲಿ ಬಾಕಿಯ ಲೆಕ್ಕ ಹಾಕುವಾಗ ಈಗ ಕೆಲಸದಲ್ಲಿರುವವರ ಪಟ್ಟಿಯನ್ನಷ್ಟೇ ತೆಗೆದುಕೊಂಡರೆ ಅವರ ಹೆಸರು ಬರುವುದೇ ಇಲ್ಲ. ಬಂದು ಕೇಳುವವರೂ ಇಲ್ಲದ್ದರಿಂದ ಆ ಹಣ ಹಾಗೇ ಉಳಿದುಹೋಗುತ್ತದೆ. ಅವರು ದುಡಿದ ದಿನಗಳ ಹಣ ಅವರದೇ, ಆದ್ದರಿಂದ ವರದಿಯಲ್ಲಿ ಅವರಿಗೊಂದು ಪ್ರತ್ಯೇಕ ಸಾಲು ಇರಲೇಬೇಕು.

ಪಿಎಫ್ ಲೆಕ್ಕವೂ ಇದಕ್ಕೆ ಅಂಟಿಕೊಂಡೇ ಇದೆ. ತುಟ್ಟಿಭತ್ಯೆ ಏರಿದರೆ ಅದರ ಮೇಲೆ ಶೇ. 12 ಪಿಎಫ್ ಕಡಿತವಾಗಬೇಕು, ಕಂಪನಿಯೂ ಅಷ್ಟೇ ಪಾಲು ಕಟ್ಟಬೇಕು. ಓಟಿ ಹಣ ಪಿಎಫ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ 620 ಬರಬೇಕಾದ ಕಾರ್ಮಿಕರಿಗೆ 520ರ ಮೇಲೆ ಮಾತ್ರ ಸುಮಾರು 62 ರೂಪಾಯಿ ಕಡಿತ. ಏಪ್ರಿಲ್ ತಿಂಗಳ ಪಿಎಫ್ ಮತ್ತು ಇಎಸ್ಐ ಕಟ್ಟಲು ಮೇ 15 ಕೊನೆಯ ದಿನ. ತಪ್ಪು ಸಿಕ್ಕಿದ್ದು ಮೇ 8ಕ್ಕೆ, ಆದ್ದರಿಂದ ಒಂದು ವಾರದೊಳಗೆ ಲೆಕ್ಕ ಮುಗಿಸಿದರೆ ಸರಿಯಾದ ಮೊತ್ತವನ್ನೇ ಕಟ್ಟಬಹುದು. ಗಡುವು ದಾಟಿದರೆ ತಡವಾದ ಪಿಎಫ್ ಹಣಕ್ಕೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ಬೀಳುತ್ತದೆ, ದಂಡವನ್ನೂ ಹಾಕಬಹುದು.

‘ಮುಂದಿನ ತಿಂಗಳ ಸಂಬಳದಲ್ಲಿ ಸೇರಿಸಿ ಕೊಡೋಣ’ ಎಂಬ ಸಲಹೆಯನ್ನು ಒಪ್ಪಬಾರದು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕೆಂದು ಕಾನೂನು ಹೇಳುತ್ತದೆ, ಆ ದಿನ ಆಗಲೇ ದಾಟಿದೆ. ಬಾಕಿಯನ್ನು ಕೂಡಲೇ ಬೇರೆಯಾಗಿ ಬ್ಯಾಂಕಿಗೆ ಹಾಕಬೇಕು. ಜೊತೆಗೆ ಕೊಡುವ ಚೀಟಿಯಲ್ಲಿ ‘ಏಪ್ರಿಲ್ ತುಟ್ಟಿಭತ್ಯೆ ಬಾಕಿ’, ‘ಏಪ್ರಿಲ್ ಓಟಿ ಬಾಕಿ’ ಎಂದು ಎರಡು ಸಾಲು ಬಿಡಿಬಿಡಿಯಾಗಿ ಇರಬೇಕು. ಲೈನಿನಲ್ಲಿ ನಿಂತು ದುಡಿಯುವವರು ತಮ್ಮ ಹಣ ಸರಿಯಾಗಿ ಬಂದಿದೆಯೇ ಎಂದು ತಾವೇ ಕೂಡಿ ನೋಡುವಂತಾಗಬೇಕು.

ಮುಂದಿನ ತಡೆಗೆ ಎರಡು ಕ್ರಮ ಸಾಕು. ಒಂದು, ತುಟ್ಟಿಭತ್ಯೆಯನ್ನು ಒಬ್ಬೊಬ್ಬರ ಹೆಸರಿನ ಮುಂದೆ ತುಂಬುವುದನ್ನು ಬಿಟ್ಟು, ಜಾರಿಯ ದಿನಾಂಕದ ಸಮೇತ ದರ್ಜೆಯ ನಮೂನೆಯಲ್ಲೇ ಒಮ್ಮೆ ತಿದ್ದುವುದು. ಎರಡು, ಸಂಬಳಕ್ಕೆ ಸಹಿ ಹಾಕುವ ಮುನ್ನ ಪ್ರತಿ ದರ್ಜೆಯಲ್ಲಿ ಎಷ್ಟು ಬಗೆಯ ದರಗಳಿವೆ ಎಂಬ ಪಟ್ಟಿಯನ್ನು ಹಣಕಾಸು ವಿಭಾಗ ನೋಡುವುದು. ಈ ಪಟ್ಟಿಗೂ ಮಿತಿಯಿದೆ: ದರ ಸರಿಯಿದ್ದು ಹಾಜರಿಯೇ ತಪ್ಪಾಗಿ ದಾಖಲಾಗಿದ್ದರೆ ಅದು ಇಲ್ಲಿ ಕಾಣುವುದಿಲ್ಲ, ಅದನ್ನು ಲೈನ್ ಸೂಪರ್‌ವೈಸರ್‌ಗಳ ಹಾಜರಿ ಪುಸ್ತಕದೊಂದಿಗೇ ತಾಳೆ ನೋಡಬೇಕು. ಮೇ ತಿಂಗಳಲ್ಲಿ ಕನ್ಫರ್ಮ್ ಆದವರ ಚೀಟಿಯಲ್ಲಿ ಹೊಸ ದರ ತಾನಾಗಿ ಬಂದಿದೆ ಎಂದು ಖಚಿತವಾದ ಮೇಲೆಯೇ ಈ ವರದಿಯನ್ನು ಮುಕ್ತಾಯ ಎಂದು ಗುರುತಿಸಬೇಕು.