ಉತ್ತರ ಬಾರದ ಪೋಸ್ಟ್ ಎಲ್ಲಿ ಹೋಯಿತು?

ದಿನವೂ ಸಂಜೆ ಆರಕ್ಕೆ ಶಿವಮೊಗ್ಗದ ಅಡಿಕೆ ಧಾರಣೆಯನ್ನು ತಾನಾಗಿಯೇ ಪ್ರಕಟಿಸುವ ಸುದ್ದಿತಾಣವೊಂದಿದೆ ಎಂದಿಟ್ಟುಕೊಳ್ಳಿ. ತಾಣ ವರ್ಡ್‌ಪ್ರೆಸ್‌ನದು. ಬೇರೊಂದು ಕಂಪ್ಯೂಟರಿನಲ್ಲಿರುವ ಸಣ್ಣ ಪ್ರೋಗ್ರಾಂ ಆ ದಿನದ ದರಗಳನ್ನು ಬರಹವಾಗಿ ಜೋಡಿಸಿ ತಾಣದ ಸರ್ವರ್‌ಗೆ ಕಳಿಸಿ, 30 ಸೆಕೆಂಡು ಉತ್ತರಕ್ಕೆ ಕಾಯುತ್ತದೆ. ಒಂದು ಸಂಜೆ ಉತ್ತರ ಬರಲಿಲ್ಲ. ‘ವಿಫಲ’ ಎಂದು ಬರೆದುಕೊಂಡು ಪ್ರೋಗ್ರಾಂ ಮತ್ತೆ ಕಳಿಸಿತು. ಆಗಲೂ ಉತ್ತರವಿಲ್ಲ, ಮೂರನೇ ಸಲ ಕಳಿಸಿತು. ಆರೂಕಾಲರ ಹೊತ್ತಿಗೆ ಓದುಗರ ಫೋನುಗಳಲ್ಲಿ ಒಂದೇ ಧಾರಣೆಯ ಮೂರು ನೋಟಿಫಿಕೇಶನ್‌ಗಳು.

ಮೊದಲ ಪ್ರಯತ್ನವೇ ಸಫಲವಾಗಿತ್ತು. ವರ್ಡ್‌ಪ್ರೆಸ್ ಮೊದಲು ಬರಹವನ್ನು ಡೇಟಾಬೇಸಿನಲ್ಲಿ ಉಳಿಸುತ್ತದೆ. ಆಮೇಲೆ, ಅದೇ ಉಸಿರಿನಲ್ಲಿ, ಪ್ಲಗಿನ್‌ಗಳ ಕೆಲಸ ನಡೆಯುತ್ತದೆ: ನೋಟಿಫಿಕೇಶನ್ ಕಳಿಸುವುದು, ಫೇಸ್‌ಬುಕ್ಕಿಗೆ ಹಂಚುವುದು. ಇವೆಲ್ಲ ಮುಗಿದ ಮೇಲಷ್ಟೇ ಉತ್ತರ ಹೊರಡುತ್ತದೆ. ಯಾವುದೋ ಒಂದು ಪ್ಲಗಿನ್ ತಡಮಾಡಿದರೆ ಸಾಕು, ಬರಹ ಪ್ರಕಟವಾಗಿಯೂ ಕಳಿಸಿದವನಿಗೆ ಸುದ್ದಿ ತಲುಪುವುದಿಲ್ಲ. ಹೆಚ್ಚಾದ ಪ್ರತಿಗಳನ್ನು ಆಮೇಲೆ ಅಳಿಸಬಹುದು, ಆದರೆ ಫೋನಿಗೆ ಹೋದದ್ದು ಹೋದದ್ದೇ.

ಆದ್ದರಿಂದ ಆಯಿತು, ಆಗಲಿಲ್ಲ ಎಂಬ ಎರಡೇ ಖಾನೆಗಳಿದ್ದರೆ ಸಾಲದು. ಗೊತ್ತಿಲ್ಲ ಎಂಬ ಮೂರನೆಯದೂ ಬೇಕು. 201 ಎಂಬ ಉತ್ತರ ಬಂದರೆ ಬರಹ ಸೃಷ್ಟಿಯಾಗಿದೆ. 400, 401, 403 ಬಂದರೆ ಕಳಿಸಿದ್ದರಲ್ಲೋ ಪಾಸ್‌ವರ್ಡಿನಲ್ಲೋ ಅನುಮತಿಯಲ್ಲೋ ತಪ್ಪಿದೆ; ನೂರು ಸಲ ಕಳಿಸಿದರೂ ಅದೇ ಉತ್ತರ, ಮನುಷ್ಯರೇ ಬಂದು ನೋಡಬೇಕು. 429 ಎಂದರೆ ಸ್ವಲ್ಪ ತಾಳು ಎಂದರ್ಥ. ಎಷ್ಟು ಹೊತ್ತು ಎಂಬುದನ್ನು ಸರ್ವರ್ ಹಲವು ಸಲ `Retry-After` ಎಂಬ ಸಾಲಿನಲ್ಲಿ ತಾನೇ ಹೇಳಿರುತ್ತದೆ. 502, 504 ಮತ್ತು ಉತ್ತರವೇ ಬಾರದ ಸಂದರ್ಭಗಳು ಮೂರನೇ ಖಾನೆಗೆ ಸೇರುತ್ತವೆ. ಅಲ್ಲಿ ಮೊದಲು ಮಾಡಬೇಕಾದದ್ದು ಮರುಯತ್ನವಲ್ಲ, ವಿಚಾರಣೆ.

ವಿಚಾರಿಸಬೇಕಾದರೆ ಬರಹಕ್ಕೊಂದು ಗುರುತು ಬೇಕು. ಅದು ಮೊದಲ ಪ್ರಯತ್ನಕ್ಕೂ ಮುಂಚೆಯೇ ನಿಶ್ಚಯವಾಗಿರಬೇಕು. ಕಳಿಸಿದ ಗಳಿಗೆಯ ಸಮಯವನ್ನು ಗುರುತಾಗಿಸಿದರೆ ಪ್ರತಿ ಯತ್ನಕ್ಕೂ ಹೊಸ ಗುರುತು ಹುಟ್ಟುತ್ತದೆ. ಬರಹದ ಅಕ್ಷರಗಳಿಂದ ಗುರುತು ಕಟ್ಟಿದರೂ ತೊಂದರೆಯೇ. ರಾಶಿ ಅಡಿಕೆಯ ದರದಲ್ಲಿ ಒಂದಂಕಿ ತಿದ್ದಿದರೆ ಅದು ಹೊಸ ಬರಹವಾಗಿಬಿಡುತ್ತದೆ. ಸರಕು, ಊರು, ದಿನ ಈ ಮೂರೂ ಬದಲಾಗುವುದಿಲ್ಲ. ಅವನ್ನೇ ಸೇರಿಸಿ ವಿಳಾಸದ ಬಾಲವಾದ ಸ್ಲಗ್ ಮಾಡಿಕೊಂಡರೆ, ಹೀಗೆ ಕೇಳಬಹುದು:

```
GET /wp-json/wp/v2/posts?slug=adike-shivamogga-2025-06-17&status=publish,future,draft
```

ಕೊನೆಯ `status` ಭಾಗವನ್ನು ಬಿಟ್ಟರೆ ಪ್ರಕಟವಾದವು ಮಾತ್ರ ಸಿಗುತ್ತವೆ. ಕರಡಾಗಿ ಕುಳಿತದ್ದು ಕಾಣದೆ ಇನ್ನೊಂದು ಪ್ರತಿ ಹುಟ್ಟುತ್ತದೆ. ಈ ಪ್ರಶ್ನೆಯನ್ನು ಲಾಗಿನ್ ಆಗಿಯೇ ಕೇಳಬೇಕು. ಬರಹ ಸಿಕ್ಕಿದರೆ ಅದರ ಸಂಖ್ಯೆ ಬರೆದಿಟ್ಟುಕೊಂಡು ಮುಗಿಸುವುದು. ದರ ತಿದ್ದಬೇಕಿದ್ದರೆ ಆ ಸಂಖ್ಯೆಗೇ ಕಳಿಸುವುದು. ಎಷ್ಟು ಸಲ ಕಳಿಸಿದರೂ ಇರುವುದೇ ಬದಲಾಗುತ್ತದೆ, ಹೊಸದು ಹುಟ್ಟುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ನಾವು ಕಾಯುವುದನ್ನು ಬಿಟ್ಟ ಮಾತ್ರಕ್ಕೆ ಸರ್ವರ್ ಕೆಲಸ ನಿಲ್ಲಿಸಿದೆ ಎಂದಲ್ಲ. ಡೇಟಾಬೇಸೇ ತಡಮಾಡುತ್ತಿದ್ದರೆ, 31ನೇ ಸೆಕೆಂಡಿನಲ್ಲಿ ‘ಇಲ್ಲ’ ಎಂದದ್ದು 40ನೇ ಸೆಕೆಂಡಿನಲ್ಲಿ ಹುಟ್ಟಬಹುದು. ಒಂದು ನಿಮಿಷ, ಎರಡು, ನಾಲ್ಕು ಹೀಗೆ ಅಂತರ ಹೆಚ್ಚಿಸುತ್ತ, ಪ್ರತಿ ಯತ್ನಕ್ಕೂ ಮುಂಚೆ ಮತ್ತೆ ಕೇಳುವುದು ಇದಕ್ಕಾಗಿಯೇ. ಇಷ್ಟಾದರೂ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಪೂರ್ತಿ ಹೋಗಬೇಕಾದರೆ ಗುರುತನ್ನು ನೆನಪಿಡುವ ಹೊಣೆ ಸರ್ವರ್‌ನದಾಗಬೇಕು. ಮಾಸ್ಟಡಾನ್‌ನಲ್ಲಿ ಆ ಏರ್ಪಾಡಿದೆ: `Idempotency-Key` ಜೊತೆಗಿಟ್ಟು ಕಳಿಸಿದರೆ, ಅದೇ ಕೀಲಿಯಲ್ಲಿ ಮತ್ತೆ ಬಂದದ್ದನ್ನು ಅದು ಹೊಸ ಪೋಸ್ಟ್ ಮಾಡುವುದಿಲ್ಲ. ಆದರೆ ನೆನಪು ಒಂದು ಗಂಟೆಯವರೆಗೆ ಮಾತ್ರ. ರಾತ್ರಿ ಕೆಟ್ಟದ್ದನ್ನು ಬೆಳಗ್ಗೆ ಕಳಿಸುವವರಿಗೆ ಅದು ನೆರವಾಗದು. ವರ್ಡ್‌ಪ್ರೆಸ್ ತಡೆಯುವುದಿಲ್ಲ, ಸುಳಿವು ಮಾತ್ರ ಕೊಡುತ್ತದೆ. ಪ್ರಕಟವಾದ ಸ್ಲಗ್ ಮತ್ತೆ ಬಂದರೆ ತುದಿಗೆ `-2`, ಆಮೇಲೆ `-3` ಅಂಟಿಸುತ್ತದೆ. ಉತ್ತರದಲ್ಲಿ ಬಂದ ಸ್ಲಗ್ ನಾವು ಕಳಿಸಿದ್ದಕ್ಕಿಂತ ಬೇರೆಯಿದ್ದರೆ ಅಲ್ಲಿಗೇ ನಿಲ್ಲಿಸಿ ಯಾರನ್ನಾದರೂ ಎಬ್ಬಿಸಬೇಕು.

ಪ್ರೋಗ್ರಾಮೇ ನಡುವೆ ಸತ್ತರೆ? ಕಳಿಸುವ ಮುಂಚೆ ‘ಕಳಿಸುತ್ತಿದೆ’ ಎಂದು, ಉತ್ತರ ಬಂದ ಮೇಲೆ ಬರಹದ ಸಂಖ್ಯೆಯನ್ನು ತನ್ನದೇ ಲೆಕ್ಕದಲ್ಲಿ ಬರೆಯುವ ರೂಢಿಯಿದ್ದರೆ, ಎದ್ದಮೇಲೆ ಸಂಖ್ಯೆಯಿಲ್ಲದ ಸಾಲುಗಳನ್ನಷ್ಟೇ ವಿಚಾರಿಸಿದರಾಯಿತು.

ಇನ್ನು ಸದ್ದಿಲ್ಲದ ಸೋಲು. 201 ಬಂದಿರುತ್ತದೆ, ಓದುಗರಿಗೆ ಮಾತ್ರ ಏನೂ ಕಾಣುವುದಿಲ್ಲ. ಬಹಳ ಸಲ ಕಾರಣ ಗಡಿಯಾರ: ಭಾರತದ ಆರು ಗಂಟೆಯನ್ನು ಗ್ರೀನ್‌ವಿಚ್ ಸಮಯವೆಂದು ಕಳಿಸಿದರೆ, ವರ್ಡ್‌ಪ್ರೆಸ್ ಅದನ್ನು ಮುಂದಿನ ಐದೂವರೆ ಗಂಟೆಯ ವೇಳಾಪಟ್ಟಿಗೆ ಸೇರಿಸಿ, ಸ್ಥಿತಿಯನ್ನು `future` ಎಂದು ಬರೆಯುತ್ತದೆ. ದೋಷವೇ ಇಲ್ಲದ್ದರಿಂದ ದೋಷದ ಲಾಗ್‌ನಲ್ಲಿ ಇದು ಸಿಗುವುದಿಲ್ಲ. ಹಾಗಾಗಿ ಆರೂವರೆಗೆ ಬೇರೆಯೇ ಒಂದು ಪ್ರೋಗ್ರಾಂ ಲಾಗಿನ್ ಇಲ್ಲದೆ, ಓದುಗರಂತೆಯೇ ಆ ವಿಳಾಸವನ್ನು ತೆರೆದು ಆ ದಿನದ ತಾರೀಖು ಪುಟದಲ್ಲಿದೆಯೇ ಎಂದು ನೋಡಬೇಕಾಗುತ್ತದೆ. ಮಾರುಕಟ್ಟೆಗೆ ರಜೆಯಿದ್ದ ದಿನ ಸುಮ್ಮನಿರಲು ಅದಕ್ಕೂ ಒಂದು ರಜಾಪಟ್ಟಿ ಕೊಟ್ಟಿರಬೇಕು.