ನಿಮಗಿದು ಗೊತ್ತೇ? ಚಾರ್ಜರಿನ ಬೆನ್ನ ಮೇಲೇ ಇದೆ ಅದರ ಊರಿನ ಗುರುತು

ಯಾವುದೇ ಚಾರ್ಜರನ್ನು ತಿರುಗಿಸಿ ನೋಡಿ. ಬೂದು ಬಣ್ಣದ ಸಣ್ಣ ಅಕ್ಷರಗಳು, ಅವುಗಳ ನಡುವೆ ಹತ್ತಾರು ಚಿಹ್ನೆಗಳು. ಬಹುಪಾಲು ಚಿಹ್ನೆಗಳ ಹಿಂದೆ ಯಾವುದೋ ಒಂದು ದೇಶದ ಕಾನೂನು ಅಥವಾ ಅಲ್ಲಿನ ಮಾರುಕಟ್ಟೆಯ ಪದ್ಧತಿ ಇರುತ್ತದೆ. ಅವನ್ನು ಓದಲು ಬಂದರೆ, ಆ ಚಾರ್ಜರನ್ನು ಯಾವ ಊರಿನ ಗೋಡೆಗೆಂದು ತಯಾರಿಸಿದರು ಎಂದು ಕೂತಲ್ಲೇ ಹೇಳಬಹುದು.

ಚಿಹ್ನೆಗಿಂತ ಮೊದಲು ಓದಬೇಕಾದ ಸಾಲು ಯಾವುದು ಗೊತ್ತೇ? ‘ಇನ್‌ಪುಟ್’ ಎಂದು ಆರಂಭವಾಗುವ ಸಾಲು. ಅಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ ಅದು ಅಮೆರಿಕ, ಕೆನಡಾ ಕಡೆಯ ಸರಕು. 220 ವೋಲ್ಟ್, 50 ಹರ್ಟ್ಸ್ ಎಂದಿದ್ದರೆ ಚೀನಾದ ಒಳಮಾರುಕಟ್ಟೆಯದು ಇರಬಹುದು. 230 ವೋಲ್ಟ್ ಎಂದರೆ ಭಾರತ ಅಥವಾ ಯುರೋಪು. 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಮಾತ್ರ ಈ ಸಾಲಿನಿಂದ ಊರು ಗೊತ್ತಾಗುವುದಿಲ್ಲ. ಅದು ಎಲ್ಲ ಕಡೆಯೂ ನಡೆಯುತ್ತದೆ. ಆಗ ಚಿಹ್ನೆಗಳ ಕಡೆ ಕಣ್ಣು ಹಾಯಿಸಬೇಕು.

ಬರೀ 100 ವೋಲ್ಟ್, ಜೊತೆಗೆ 50/60 ಹರ್ಟ್ಸ್ ಎರಡೂ ಇದ್ದರೆ? ಅನುಮಾನವೇ ಬೇಡ, ಅದು ಜಪಾನಿನದು. ಮನೆಬಳಕೆಗೆ 100 ವೋಲ್ಟ್ ಕೊಡುವ ದೊಡ್ಡ ಮಾರುಕಟ್ಟೆ ಅದೊಂದೇ. ಎರಡು ಆವರ್ತನಗಳ ಕತೆ ಇನ್ನೂ ಸ್ವಾರಸ್ಯದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೊದವರು ಜರ್ಮನಿಯಿಂದ 50 ಹರ್ಟ್ಸ್‌ನ ಜನರೇಟರ್ ತರಿಸಿದರು, ಒಸಾಕದವರು ಅಮೆರಿಕದಿಂದ 60 ಹರ್ಟ್ಸ್‌ನದನ್ನು ತರಿಸಿದರು. ಇವತ್ತಿಗೂ ಜಪಾನಿನ ಪೂರ್ವ ಭಾಗದಲ್ಲಿ 50, ಪಶ್ಚಿಮ ಭಾಗದಲ್ಲಿ 60. ಹಾಗಾಗಿ ಅಲ್ಲಿ ಮಾರುವ ಉಪಕರಣದ ಮೇಲೆ ಎರಡನ್ನೂ ಬರೆಯಬೇಕಾಗುತ್ತದೆ.

ಜಪಾನಿನ ಚಿಹ್ನೆಯ ಆಕಾರಕ್ಕೂ ಅರ್ಥವಿದೆ. ಪಿ, ಎಸ್, ಇ ಎಂಬ ಮೂರು ಅಕ್ಷರಗಳು ವಜ್ರಾಕೃತಿಯ ಒಳಗಿದ್ದರೆ, ಆ ವಸ್ತುವನ್ನು ಹೊರಗಿನ ಅಧಿಕೃತ ಸಂಸ್ಥೆಯೊಂದು ಪರೀಕ್ಷಿಸಿರಲೇಬೇಕು. ಅಪಾಯ ಹೆಚ್ಚೆಂದು ಕಾನೂನು ಗುರುತಿಸಿದ ವಸ್ತುಗಳಿಗೆ ಈ ವಜ್ರ. ಗೋಡೆಗೆ ಚುಚ್ಚುವ ಅಡಾಪ್ಟರ್ ಈ ಗುಂಪಿಗೆ ಸೇರುತ್ತದೆ. ಅಕ್ಷರಗಳು ವೃತ್ತದೊಳಗಿದ್ದರೆ ತಯಾರಕರ ಅಥವಾ ಆಮದುದಾರರ ಸ್ವಂತ ಹೊಣೆ ಸಾಕು. ಪವರ್ ಬ್ಯಾಂಕಿಗೆ ವೃತ್ತ. ಅಡಾಪ್ಟರಿನ ಮೇಲೆ ವಜ್ರದ ಬದಲು ವೃತ್ತ ಕಂಡರೆ ಅಲ್ಲಿ ಏನೋ ಎಡವಟ್ಟಾಗಿದೆ ಎಂದೇ ತಿಳಿಯಬೇಕು.

ವೃತ್ತದೊಳಗಿನ ‘ಯುಎಲ್’ ಸರ್ಕಾರದ ಮುದ್ರೆಯಲ್ಲ. ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬುದು 1894ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪರೀಕ್ಷಾ ಸಂಸ್ಥೆ. ಬೆಂಕಿ ವಿಮೆಯವರ ಆತಂಕವೇ ಅದರ ಹುಟ್ಟಿಗೆ ಕಾರಣ. ಆ ವೃತ್ತದ ಎಡಕ್ಕೆ ಪುಟ್ಟ ‘ಸಿ’, ಬಲಕ್ಕೆ ಪುಟ್ಟ ‘ಯುಎಸ್’ ಇದ್ದರೆ ಕೆನಡಾ, ಅಮೆರಿಕ ಎರಡರ ಮಾನದಂಡಕ್ಕೂ ಒಪ್ಪಿತವಾಗಿದೆ ಎಂದರ್ಥ. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದ ‘ಆರ್’ ಅಕ್ಷರದ ಜೊತೆ ‘ಯು’ ಇದ್ದರೆ ಎಚ್ಚರ: ಆ ಗುರುತು ಒಳಗೆ ಜೋಡಿಸುವ ಬಿಡಿಭಾಗಕ್ಕೆ ಕೊಡುವಂಥದ್ದು, ಪೂರ್ತಿಯಾಗಿ ತಯಾರಾದ ವಸ್ತುವಿಗಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಚಾರ್ಜರಿನ ಹೊರಮೈ ಮೇಲೆ ಅದೊಂದೇ ಇದ್ದರೆ ಸಾಲದು.

‘ಸಿಇ ಇದೆ ಸಾರ್, ಒರಿಜಿನಲ್ಲೇ’ ಎಂದರೆ ನಂಬಬೇಕೇ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸದು, ಹಳೆಯದು ಏನೇ ಕೊಳ್ಳಲು ಹೋಗಿ, ಈ ಮಾತು ಕಿವಿಗೆ ಬೀಳುತ್ತದೆ. ಸಿಇ ಯುರೋಪಿನ ಮಾರುಕಟ್ಟೆಗೆ ಬೇಕಾದ ಗುರುತು. ಸಾಮಾನ್ಯ ಚಾರ್ಜರಿಗೆ ಅದನ್ನು ತಯಾರಕರೇ ತಮ್ಮ ಹೊಣೆಯಲ್ಲಿ ಅಚ್ಚು ಹಾಕಿಕೊಳ್ಳುತ್ತಾರೆ. ಪರೀಕ್ಷಾ ವರದಿಗಳನ್ನು ತಮ್ಮ ಬಳಿ ಇಟ್ಟುಕೊಂಡಿರಬೇಕು, ಅಧಿಕಾರಿಗಳು ಕೇಳಿದಾಗ ತೋರಿಸಬೇಕು, ಅಷ್ಟೆ. ಭಾರತದಲ್ಲಿ ಅದಕ್ಕೆ ಕಾನೂನಿನ ಬೆಲೆಯೇ ಇಲ್ಲ.

ಅಕ್ಷರಗಳು ಒತ್ತೊತ್ತಾಗಿದ್ದರೆ ಅದು ‘ಚೈನಾ ಎಕ್ಸ್‌ಪೋರ್ಟ್’ ಎಂಬ ಬೇರೆಯೇ ಗುರುತು ಎಂಬ ಸಂದೇಶ ವಾಟ್ಸ್ಆ್ಯಪಿನಲ್ಲಿ ಆಗಾಗ ಓಡಾಡುತ್ತದೆ. ಅಂಥ ಗುರುತು ಇಲ್ಲವೇ ಇಲ್ಲ. ಯುರೋಪಿಯನ್ ಸಂಸತ್ತಿನಲ್ಲಿ ಈ ಪ್ರಶ್ನೆ ಎದ್ದಾಗ, ಅಂಥದ್ದೊಂದು ಇರುವುದು ತನಗೆ ತಿಳಿದಿಲ್ಲ, ಅದು ಸಿಇ ಗುರುತನ್ನೇ ತಪ್ಪು ಅಳತೆಯಲ್ಲಿ ಅಚ್ಚು ಹಾಕಿದ್ದು ಎಂದು ಯುರೋಪಿಯನ್ ಆಯೋಗ 2008ರಲ್ಲಿ ಉತ್ತರಿಸಿತು. ಆದರೆ ಅಳತೆ ಮಾತ್ರ ನಿಜಕ್ಕೂ ಇದೆ. ಎರಡೂ ಅಕ್ಷರಗಳನ್ನು ಪೂರ್ಣ ವೃತ್ತವಾಗಿ ಬರೆದರೆ ವೃತ್ತಗಳು ಒಂದನ್ನೊಂದು ಸ್ವಲ್ಪವೇ ಅತಿಕ್ರಮಿಸಬೇಕು, ‘ಇ’ಯ ನಡುಗೆರೆ ತುಸು ಗಿಡ್ಡವಿರಬೇಕು, ಎತ್ತರ ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಅಳತೆ ತಪ್ಪಿದ್ದರೆ ಕಾನೂನನ್ನು ಓದದವರು ಅಚ್ಚು ಹಾಕಿದ್ದಾರೆ ಎನ್ನಬಹುದು. ಅಳತೆ ಸರಿಯಿದ್ದ ಮಾತ್ರಕ್ಕೆ ಸರಕು ಒಳ್ಳೆಯದೆಂದು ಹೇಳಲಾಗದು.

ಇನ್ನು ಕೆಲವನ್ನು ಬೇಗ ಬೇಗ ನೋಡಿಬಿಡೋಣ. ಮೂರು ‘ಸಿ’ಗಳು ಒಂದರೊಳಗೊಂದು ಸೇರಿದ್ದರೆ ಚೀನಾ. ತ್ರಿಕೋನವೊಂದರ ಜೊತೆ ಬೆಸೆದ ಟಿಕ್ ಗುರುತು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ‘ಕೆಸಿ’ ಎಂದರೆ ದಕ್ಷಿಣ ಕೊರಿಯಾ. ‘ಇಎಸಿ’ ಎಂದರೆ ರಷ್ಯಾ, ಕಜಕಸ್ತಾನ ಮೊದಲಾದ ಐದು ದೇಶಗಳ ಒಕ್ಕೂಟ. ‘ಯುಕೆಸಿಎ’ ಎಂದರೆ ಬ್ರಿಟನ್, ಅದು ಬಂದದ್ದು 2021ರಲ್ಲಿ. ‘ಎನ್ಓಎಂ’ ಎಂದರೆ ಮೆಕ್ಸಿಕೊ. ಒಂದರೊಳಗೊಂದು ಕೂತ ಎರಡು ಚೌಕಗಳು ಮಾತ್ರ ಯಾವ ದೇಶದವೂ ಅಲ್ಲ. ಇಮ್ಮಡಿ ನಿರೋಧಕ ಹೊದಿಕೆ ಇದೆ, ಅರ್ಥಿಂಗ್ ಬೇಕಿಲ್ಲ ಎಂದಷ್ಟೇ ಅವು ಹೇಳುತ್ತವೆ.

ಭಾರತಕ್ಕೆಂದೇ ಬಂದ ಚಾರ್ಜರನ್ನು ಹೇಗೆ ಗುರುತಿಸುವುದು? ‘ಐಎಸ್’ ಎಂದು ಆರಂಭವಾಗುವ ಮಾನದಂಡದ ಸಂಖ್ಯೆ, ಅದರ ಕೆಳಗೆ ‘ಆರ್’ ಅಕ್ಷರ, ಅಡ್ಡಗೆರೆ, ಬಳಿಕ ಎಂಟು ಅಂಕಿ. ಇದು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ. 2012ರ ಆದೇಶ, ಜಾರಿಗೆ ಬಂದದ್ದು 2013ರಲ್ಲಿ. ಚಾರ್ಜರುಗಳ ಮೇಲೆ ಹೆಚ್ಚಾಗಿ ಕಾಣುವ ಮಾನದಂಡ ಐಎಸ್ 13252. ಲಿಥಿಯಂ ಬ್ಯಾಟರಿಯ ಮೇಲೆ ಐಎಸ್ 16046 ಇರುತ್ತದೆ. ಆದ್ದರಿಂದ ಒಂದೇ ಡಬ್ಬಿಯೊಳಗಿನ ಫೋನು, ಬ್ಯಾಟರಿ, ಚಾರ್ಜರಿಗೆ ಬೇರೆ ಬೇರೆ ನೋಂದಣಿ ಸಂಖ್ಯೆಗಳಿದ್ದರೆ ಗಾಬರಿ ಬೇಡ, ಇರಬೇಕಾದದ್ದೇ ಹಾಗೆ.

ಈ ಸಂಖ್ಯೆಯ ದೊಡ್ಡ ಗುಣವೆಂದರೆ ಇದು ಕಂಪನಿಗೆ ಒಟ್ಟಾಗಿ ಸಿಗುವುದಿಲ್ಲ. ಒಂದು ಕಾರ್ಖಾನೆ, ಒಂದು ಬ್ರ್ಯಾಂಡ್, ಒಂದು ಬಗೆಯ ಉತ್ಪನ್ನಕ್ಕೆ ಒಂದು ನೋಂದಣಿ. ಅದೇ ಬ್ರ್ಯಾಂಡಿನ ಚಾರ್ಜರ್ ಎರಡು ಕಾರ್ಖಾನೆಗಳಿಂದ ಬಂದರೆ ಎರಡು ಸಂಖ್ಯೆ. ‘ಬಿಐಎಸ್ ಕೇರ್’ ಎಂಬ ಸರ್ಕಾರಿ ಆ್ಯಪ್‌ನಲ್ಲಿ Verify R-no. under CRS ಎಂಬುದನ್ನು ಒತ್ತಿ ಸಂಖ್ಯೆ ಕೊಟ್ಟರೆ ತಯಾರಕರ ಹೆಸರು, ಬ್ರ್ಯಾಂಡ್, ಉತ್ಪನ್ನದ ಬಗೆ ತೆರೆದುಕೊಳ್ಳುತ್ತವೆ. ನಕಲಿ ಮಾಲು ಸಿಕ್ಕಿಬೀಳುವುದು ಇಲ್ಲೇ. ಕೈಯಲ್ಲಿರುವುದು ಚಾರ್ಜರ್, ಪರದೆಯ ಮೇಲೆ ಬಂದದ್ದು ಎಲ್‌ಇಡಿ ಬಲ್ಬು ಅಥವಾ ಕೇಳಿಲ್ಲದ ಬ್ರ್ಯಾಂಡು ಎಂದರೆ, ಯಾರದೋ ಸಂಖ್ಯೆಯನ್ನು ಎತ್ತಿ ಅಚ್ಚು ಹಾಕಿದ್ದಾರೆ. ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಸಂಖ್ಯೆಯಾದರೆ ಅದಕ್ಕೊಂದು ಕಡತ ಇರುತ್ತದೆ, ತೆಗೆದು ನೋಡಬಹುದು.

ಅಮೆರಿಕದಲ್ಲೂ ಇದೇ ಮಾತು. ‘ಎಫ್‌ಸಿಸಿ’ ಎಂಬ ಚಿತ್ರ 2017ರಿಂದ ಐಚ್ಛಿಕ. ಆದರೆ ಬ್ಲೂಟೂತ್, ವೈಫೈ ಇರುವ ಉಪಕರಣಕ್ಕೆ ‘ಎಫ್‌ಸಿಸಿ ಐಡಿ’ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯನ್ನು ಎಫ್‌ಸಿಸಿಯ ಜಾಲತಾಣದಲ್ಲಿ ಹುಡುಕಿದರೆ ಪರೀಕ್ಷಾ ವರದಿ ಸಿಗುತ್ತದೆ. ಎಷ್ಟೋ ಸಲ ಉಪಕರಣವನ್ನು ಬಿಚ್ಚಿ ತೆಗೆದ ಒಳಗಿನ ಫೋಟೊಗಳೂ ಸಿಗುತ್ತವೆ. ರಿಪೇರಿ ಮಾಡುವವರಿಗೆ ಇದು ನಿಜವಾದ ನಿಧಿ.

ಈಗ ಒಂದು ಲೇಬಲನ್ನು ಇಡಿಯಾಗಿ ಓದೋಣ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಜೊತೆ ಬಂದ 65 ವ್ಯಾಟ್ ಅಡಾಪ್ಟರ್ ಎಂದಿಟ್ಟುಕೊಳ್ಳಿ. ಇನ್‌ಪುಟ್ 100ರಿಂದ 240 ವೋಲ್ಟ್. ಯುಎಲ್ ವೃತ್ತ, ಅದರ ಎರಡು ಬದಿಗೂ ‘ಸಿ’ ಮತ್ತು ‘ಯುಎಸ್’. ಪಕ್ಕದಲ್ಲಿ ಮೆಕ್ಸಿಕೊದ ಎನ್ಓಎಂ. ಪುಟ್ಟ ವೃತ್ತದಲ್ಲಿ ರೋಮನ್ ಅಂಕಿಯ ಆರು. ಸಿಇ ಇಲ್ಲ, ಜಪಾನಿನ ವಜ್ರವಿಲ್ಲ, ‘ಆರ್’ ಸಂಖ್ಯೆಯೂ ಇಲ್ಲ.

ಯುಎಲ್, ಎನ್ಓಎಂ ಎರಡೂ ಸೇರಿ ಉತ್ತರ ಅಮೆರಿಕವನ್ನು ತೋರಿಸುತ್ತವೆ. ರೋಮನ್ ಆರು ವಿದ್ಯುತ್ ಉಳಿತಾಯದ ದರ್ಜೆ, ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು 2016ರ ಫೆಬ್ರುವರಿಯಿಂದ. ಹಾಗಾಗಿ ಅಡಾಪ್ಟರ್ ತೀರಾ ಹಳೆಯದಲ್ಲ. ಐದು ಎಂದಿದ್ದರೆ ಅದಕ್ಕೂ ಹಿಂದಿನದು ಎಂದು ಊಹಿಸಬಹುದಿತ್ತು. ಕಾಣದ ಗುರುತುಗಳು ಕಂಡವುಗಳಷ್ಟೇ ಗಟ್ಟಿ ಸಾಕ್ಷಿ. ಹಲವು ದೇಶಗಳಲ್ಲಿ ಮಾರುವ ಕಂಪನಿ ಒಂದೇ ಲೇಬಲಿನಲ್ಲಿ ಹದಿನೈದು ಚಿಹ್ನೆಗಳನ್ನು ತುಂಬಿಬಿಡುತ್ತದೆ, ಇಲ್ಲಿ ಮೂರೇ ಇವೆ. ಅಂದರೆ ಅಮೆರಿಕ, ಕೆನಡಾ, ಮೆಕ್ಸಿಕೊಗಳಿಗೆಂದೇ ತಯಾರಾದದ್ದು, ಭಾರತಕ್ಕೆ ಯಾರದೋ ಪೆಟ್ಟಿಗೆಯಲ್ಲಿ ಬಂದದ್ದು. ಇಲ್ಲಿ ಉಪಯೋಗಿಸಬಹುದೇ? ವೋಲ್ಟೇಜಿನ ಸಾಲು ಒಪ್ಪುತ್ತದೆ, ಸರಿಹೊಂದುವ ಪವರ್ ಕಾರ್ಡ್ ಹಾಕಿಕೊಂಡರೆ ಸಾಕು. ಇಲ್ಲಿ ವಾರಂಟಿ ಸಿಗುತ್ತದೆ ಎಂಬ ಭರವಸೆ ಮಾತ್ರ ಬೇಡ.

ಅದೇ ಪೆಟ್ಟಿಗೆಯಲ್ಲಿ ಹೇರ್ ಡ್ರೈಯರ್ ಬಂದಿದ್ದರೆ? 120 ವೋಲ್ಟ್, 1500 ವ್ಯಾಟ್ ಎಂದಿದ್ದರೆ ಲೆಕ್ಕ ಹಾಕಿ ನೋಡಿ. ನಮ್ಮ 230 ವೋಲ್ಟಿಗೆ ಚುಚ್ಚಿದ ಕ್ಷಣದಲ್ಲಿ ವೋಲ್ಟೇಜ್ ಸುಮಾರು ಎರಡರಷ್ಟು, ಶಕ್ತಿ ಅದರ ವರ್ಗ, ಅಂದರೆ ಸುಮಾರು 3.7 ಪಟ್ಟು. 1500 ವ್ಯಾಟಿನದು 5500 ವ್ಯಾಟ್ ಎಳೆಯಲು ಹೋಗುತ್ತದೆ. ಒಳಗಿನ ತಂತಿ ಸುಟ್ಟುಹೋಗುತ್ತದೆ, ಅದೃಷ್ಟವಿದ್ದರೆ ಅದಕ್ಕೂ ಮೊದಲು ಎಂಸಿಬಿ ಬೀಳುತ್ತದೆ. ಐವತ್ತು ನೂರು ರೂಪಾಯಿಗೆ ಸಿಗುವ ಪಿನ್ ಕನ್ವರ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ.

ಫೋನಿನ ಬೆನ್ನ ಮೇಲೆ ಏನೂ ಕಾಣದಿದ್ದರೆ? ಅನೇಕ ದೇಶಗಳು ಈಗ ಚಿಹ್ನೆಗಳನ್ನು ಪರದೆಯ ಮೇಲೆ ತೋರಿಸಲು ಒಪ್ಪಿವೆ. ಐಫೋನಿನಲ್ಲಿ Settings > General > Legal & Regulatory ಎಂಬಲ್ಲಿ, ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ About phone ಒಳಗಿನ Regulatory labels ಎಂಬಲ್ಲಿ ಸಿಗುತ್ತವೆ. ಡಬ್ಬಿ ಉಳಿದಿದ್ದರೆ ಕೆಲಸ ಇನ್ನೂ ಸುಲಭ: ‘ಎಲ್ಲ ತೆರಿಗೆಗಳು ಸೇರಿ’ ಎಂಬ ಮಾತಿನ ಜೊತೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ಭಾರತದ ವಿಳಾಸ ಇದ್ದರೆ ಅದು ಇಲ್ಲಿ ಮಾರಲೆಂದೇ ಬಂದ ಸರಕು.

ಮುಂದಿನ ಸಲ ಚಾರ್ಜರ್ ಕೊಳ್ಳುವಾಗ ಅಂಗಡಿಯಲ್ಲಿ ನಿಂತೇ ‘ಆರ್’ ಸಂಖ್ಯೆಯನ್ನು ಆ್ಯಪ್‌ಗೆ ಹಾಕಿ ನೋಡಿ, ಬ್ರ್ಯಾಂಡೂ ಉತ್ಪನ್ನವೂ ಹೊಂದಿದರೆ ಮಾತ್ರ ದುಡ್ಡು ಕೊಡಿ. ವಿದೇಶದಿಂದ ಬಂದದ್ದಾದರೆ ಇನ್‌ಪುಟ್ ಸಾಲಿನಲ್ಲಿ 230 ವೋಲ್ಟಿಗೆ ಜಾಗವಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಗೋಡೆಗೆ ಚುಚ್ಚಬೇಡಿ.