ವಾಕ್-ಇನ್‌ಗೆ ಹೊರಡುವ ಮುನ್ನ ಒಂದು ಫೋನ್

ಬೆಂಗಳೂರಿನ ಕಾಲ್ ಸೆಂಟರ್‌ಗಳ ವಾಕ್-ಇನ್ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ಹುದ್ದೆ, ವಿಳಾಸ, ‘ಬೆಳಿಗ್ಗೆ 10ರಿಂದ 1’ ಎಂಬ ಸಮಯ, ಎಚ್‌ಆರ್ ಒಬ್ಬರ ಹೆಸರು ಮತ್ತು ಮೊಬೈಲ್ ನಂಬರ್. ಆ ನಂಬರಿಗೆ ಹಿಂದಿನ ದಿನವೇ ಫೋನ್ ಮಾಡುವವರು ಕಡಿಮೆ. ಮಾಡಿದವರೂ ‘ಎಷ್ಟು ಹೊತ್ತಾಗುತ್ತೆ ಮೇಡಂ?’ ಎಂದು ಕೇಳಿ, ‘ಹೇಳೋಕಾಗಲ್ಲ’ ಎಂಬ ಉತ್ತರ ಪಡೆದು ಸುಮ್ಮನಾಗುತ್ತಾರೆ.

ಆ ಉತ್ತರದಲ್ಲಿ ಸುಳ್ಳೇನಿಲ್ಲ. ಎಷ್ಟು ಜನ ಬರುತ್ತಾರೆಂದು ಎಚ್‌ಆರ್‌ಗೂ ಗೊತ್ತಿರುವುದಿಲ್ಲ. ಆದರೆ ಪ್ರಶ್ನೆಯನ್ನು ಬಿಡಿಸಿ ಕೇಳಿದರೆ ಉತ್ತರ ಸಿಗುತ್ತದೆ.

ತುಮಕೂರಿನಿಂದ ಹೊರಡಲಿರುವ, ಈಗಷ್ಟೇ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಫೋನ್ ಮಾಡುತ್ತಾಳೆ ಎಂದುಕೊಳ್ಳೋಣ. ‘ಮೇಡಂ, ಒಂದು ಗಂಟೆ ಅಂದ್ರೆ ರಿಜಿಸ್ಟ್ರೇಷನ್ ಮುಗಿಯೋ ಹೊತ್ತಾ? ಒಟ್ಟು ಎಷ್ಟು ರೌಂಡ್? ಆಪರೇಷನ್ಸ್ ಮ್ಯಾನೇಜರ್ ನಾಳೆ ಇರ್ತಾರಾ?’ ಕೊನೆಯ ಪ್ರಶ್ನೆಯೇ ಮುಖ್ಯ. ಎಚ್‌ಆರ್ ಮಾತುಕತೆ, ಭಾಷೆಯ ಪರೀಕ್ಷೆ, ಟೈಪಿಂಗ್ ಬೇಗ ಮುಗಿಯಬಹುದು. ಆದರೆ ಕೆಲಸ ಕೊಡುವ ತಂಡದ ಮ್ಯಾನೇಜರ್ ಮೀಟಿಂಗ್‌ನಲ್ಲಿದ್ದರೆ, ಅಥವಾ ರಾತ್ರಿ ಪಾಳಿಯವರಾಗಿ ಸಂಜೆಯಷ್ಟೇ ಬರುವವರಾದರೆ, ಗೆದ್ದವರೆಲ್ಲ ಅಲ್ಲೇ ಕಾಯಬೇಕು. ಅವರು ಸಂಜೆ ಬರುತ್ತಾರೆಂದು ಮೊದಲೇ ತಿಳಿದರೆ ಆಕೆ ಊಟದ ಡಬ್ಬಿ ಒಯ್ಯುತ್ತಾಳೆ, ವಾಪಸ್ ಹೋಗುವ ರೈಲಿನ ಹೊತ್ತನ್ನು ಮನೆಯಲ್ಲಿ ಹೇಳಿರುತ್ತಾಳೆ.

ದಾಖಲೆಗಳ ವಿಷಯದಲ್ಲೂ ‘ಏನೇನು ತರಬೇಕು’ ಎಂದಷ್ಟೇ ಕೇಳಿದರೆ ಸಾಲದು. ಗೇಟಿನಲ್ಲಿ ಏನು ಬೇಕು, ಒಳಗೆ ಏನು ಬೇಕು ಎಂದು ಬೇರೆ ಬೇರೆಯಾಗಿ ಕೇಳಬೇಕು. ಟೆಕ್ ಪಾರ್ಕ್‌ನ ಸೆಕ್ಯುರಿಟಿಯವರು ಮೂಲ ಗುರುತಿನ ಚೀಟಿ ಕೇಳಬಹುದು. ಮೊಬೈಲ್‌ನಲ್ಲಿರುವ ಫೋಟೊ ನಡೆಯುತ್ತದೋ ಇಲ್ಲವೋ ಎಂಬುದು ಆಯಾ ಜಾಗದ ನಿಯಮ. ರೆಸ್ಯೂಮೆಯ ಮೇಲ್ಭಾಗದಲ್ಲಿ ಎಚ್‌ಆರ್ ಹೆಸರು ಬರೆದು ತರಲು ಹೇಳುವ ಕಂಪನಿಗಳೂ ಇವೆ. ಒಳಗೆ ಅಂಕಪಟ್ಟಿಗಳ ಜೆರಾಕ್ಸ್ ಬೇಕಾಗುತ್ತದೆ. ಪದವಿ ಪ್ರಮಾಣಪತ್ರ ಇನ್ನೂ ಕೈಸೇರದ ಈಕೆ ತಾತ್ಕಾಲಿಕ ಪ್ರಮಾಣಪತ್ರ ಸಾಕೇ ಎಂದು ಕೇಳಲೇಬೇಕು. ಮೊದಲೇ ಕೆಲಸ ಮಾಡಿದವರಾದರೆ ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಪಿಎಫ್‌ನ ಯುಎಎನ್ ನಂಬರ್ ಕೇಳುವುದು ವಾಡಿಕೆ.

ಮೂಲ ಅಂಕಪಟ್ಟಿ ತೋರಿಸಲಿ, ಆದರೆ ಕೊಟ್ಟು ಬರಬಾರದು. ಆಧಾರ್ ಪ್ರತಿ ಕೇಳಿದರೆ, ಕೊನೆಯ 4 ಅಂಕಿಗಳಷ್ಟೇ ಕಾಣುವ ‘ಮಾಸ್ಕ್ಡ್’ ಪ್ರತಿ ಆಗುತ್ತದೆಯೇ ಎಂದು ವಿಚಾರಿಸಬಹುದು. ಅದನ್ನು ಯುಐಡಿಎಐ ತಾಣದಿಂದಲೇ ಇಳಿಸಿಕೊಳ್ಳಬಹುದು.

ಇದೇ ಫೋನ್ ಕರೆಯಲ್ಲಿ ಮೋಸವೂ ಬಯಲಾಗುತ್ತದೆ. ರಿಜಿಸ್ಟ್ರೇಷನ್ ಶುಲ್ಕ, ತರಬೇತಿಯ ಡಿಪಾಸಿಟ್ ಎಂದು ಹಣದ ಮಾತೆತ್ತಿದರೆ ಹೋಗಬೇಕಾಗಿಲ್ಲ. ಅನುಮಾನವಿದ್ದರೆ ಕಂಪನಿಯ ಅಧಿಕೃತ ತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ, ಅಂಥ ವಾಕ್-ಇನ್ ನಿಜಕ್ಕೂ ಇದೆಯೇ ಎಂದು ಕೇಳುವುದು ಒಳ್ಳೆಯದು.

ಫೋನ್ ಇಡುವ ಮುನ್ನ ಇನ್ನೊಂದು ಮಾತು: ‘ಫಲಿತಾಂಶ ಅವತ್ತೇ ಹೇಳ್ತೀರಾ, ಆಮೇಲೆ ಮೇಲ್ ಮಾಡ್ತೀರಾ?’ ಮೇಲ್ ಎಂದರೆ ಎಷ್ಟು ದಿನದೊಳಗೆ ಎಂದೂ ಕೇಳಿಟ್ಟುಕೊಂಡರೆ, ಆ ಗಡುವು ದಾಟಿದ ಮೇಲೆ ಅದೇ ನಂಬರಿಗೆ ತನ್ನ ಹೆಸರು, ಹುದ್ದೆ, ಹೋಗಿದ್ದ ದಿನಾಂಕ ಬರೆದು ಸಂದೇಶ ಕಳಿಸಲು ಆಕೆಗೆ ಸಂಕೋಚವಿರುವುದಿಲ್ಲ.